ಎರಡು ಲಾಕ್‌ಗಳ ನಡುವೆ ಸಿಕ್ಕಿಬಿದ್ದ ಪ್ರೋಗ್ರಾಂ

ಬ್ಯಾಂಕಿನ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ ಒಂದೇ ಹೊತ್ತಿಗೆ ಹತ್ತಾರು ಗ್ರಾಹಕರ ಕೆಲಸ ನೋಡಬೇಕು. ಹಾಗೆ ಜೊತೆಜೊತೆಯಾಗಿ ಸಾಗುವ ಒಂದೊಂದು ಕೆಲಸವೂ ಒಂದು ಥ್ರೆಡ್. ಎರಡು ಥ್ರೆಡ್‌ಗಳು ಒಂದೇ ಖಾತೆಯ ಮೊತ್ತವನ್ನು ಒಟ್ಟಿಗೆ ತಿದ್ದಹೊರಟರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಪ್ರತಿ ಖಾತೆಗೂ ಒಂದು ಲಾಕ್ ಇರುತ್ತದೆ. ಒಂದು ಥ್ರೆಡ್ ಲಾಕ್ ಹಿಡಿದಿರುವಷ್ಟು ಹೊತ್ತು ಉಳಿದವು ಕಾಯುತ್ತವೆ.

ಹಣ ವರ್ಗಾಯಿಸಲು ಎರಡೂ ಖಾತೆಗಳ ಲಾಕ್ ಬೇಕು. ಜಾವಾ ಭಾಷೆಯಲ್ಲಿ ಅದನ್ನು ಹೀಗೆ ಬರೆಯಬಹುದು:

```java
synchronized (from) {
  synchronized (to) {
    from.balance -= amount;
    to.balance += amount;
  }
}
```

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಒಬ್ಬರು 101ನೇ ಖಾತೆಯಿಂದ 205ಕ್ಕೆ 500 ರೂಪಾಯಿ ಕಳಿಸುತ್ತಾರೆ, ಅದೇ ಕ್ಷಣ ಇನ್ನೊಬ್ಬರು 205ರಿಂದ 101ಕ್ಕೆ 300 ರೂಪಾಯಿ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಥ್ರೆಡ್ 101ರ ಲಾಕ್ ಹಿಡಿಯಿತು. ಅದು 205ಕ್ಕೆ ಕೈ ಹಾಕುವಷ್ಟರಲ್ಲಿ ಎರಡನೆಯದು 205ರ ಲಾಕ್ ಹಿಡಿದಾಗಿತ್ತು. ಈಗ ಮೊದಲನೆಯದಕ್ಕೆ 205 ಬೇಕು, ಎರಡನೆಯದಕ್ಕೆ 101 ಬೇಕು. ಕೆಲಸ ಮುಗಿಯದೆ ಯಾವುದೂ ತನ್ನ ಲಾಕ್ ಬಿಡುವುದಿಲ್ಲ, ಲಾಕ್ ಸಿಗದೆ ಯಾವುದರ ಕೆಲಸವೂ ಮುಗಿಯುವುದಿಲ್ಲ. ಇದೇ ಡೆಡ್‌ಲಾಕ್. ಆಮೇಲೆ ಈ ಖಾತೆಗಳನ್ನು ಕೇಳಿ ಬರುವ ಥ್ರೆಡ್‌ಗಳೂ ಇವುಗಳ ಹಿಂದೆ ನಿಲ್ಲುತ್ತಾ ಹೋಗಿ, ಕೊನೆಗೆ ಇಡೀ ಪ್ರೋಗ್ರಾಂ ಸ್ತಬ್ಧವಾಗುತ್ತದೆ.

ಮೊದಲ ಲಾಕ್ ಹಿಡಿದು ಎರಡನೆಯದನ್ನು ಹಿಡಿಯುವ ನಡುವಿನ ಅವಧಿ ತೀರಾ ಚಿಕ್ಕದು. ಹಾಗಾಗಿ ಪರೀಕ್ಷೆಯಲ್ಲಿ ಸಾವಿರ ಸಲ ಓಡಿಸಿದರೂ ದೋಷ ಕಾಣದೇ ಹೋಗಬಹುದು. ಬಳಕೆದಾರರು ಹೆಚ್ಚಿದ ದಿನ ಕಾಣಿಸಿಕೊಳ್ಳುತ್ತದೆ. ಆಗ ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ದೋಷದ ಸಂದೇಶವನ್ನೂ ತೋರಿಸುವುದಿಲ್ಲ. ಕೊನೆಯಿಲ್ಲದ ಲೂಪ್‌ಗೆ ಬಿದ್ದ ಪ್ರೋಗ್ರಾಂ ಸಿಪಿಯುವನ್ನು ಬಿಡುವಿಲ್ಲದೆ ದುಡಿಸುತ್ತದೆ, ಡೆಡ್‌ಲಾಕ್ ಆದ ಥ್ರೆಡ್‌ಗಳು ಸಿಪಿಯುವನ್ನು ಮುಟ್ಟುವುದೇ ಇಲ್ಲ. ಸಂಶಯ ಬಂದರೆ ಜಾವಾದಲ್ಲಿ `jstack` ಓಡಿಸಬೇಕು. `Found one Java-level deadlock` ಎಂಬ ಸಾಲಿನ ಕೆಳಗೆ ಯಾವ ಥ್ರೆಡ್ ಯಾವ ಲಾಕ್‌ಗೆ ಕಾಯುತ್ತಿದೆ, ಅದು ಯಾರ ಬಳಿ ಇದೆ ಎಂಬುದೆಲ್ಲ ಸಿಗುತ್ತದೆ.

ಪರಿಹಾರ ಸರಳ. ಹಣ ಯಾವ ಕಡೆಗೇ ಹೋಗಲಿ, ಚಿಕ್ಕ ಸಂಖ್ಯೆಯ ಖಾತೆಯನ್ನೇ ಮೊದಲು ಲಾಕ್ ಮಾಡಬೇಕು. ಆಗ ಎರಡೂ ಥ್ರೆಡ್‌ಗಳು ಮೊದಲು 101ಕ್ಕೇ ಬರುತ್ತವೆ. ಸಿಕ್ಕಿದ್ದು ಮುಂದೆ ಹೋಗುತ್ತದೆ, ಸಿಗದ್ದು ಬರಿಗೈಯಲ್ಲಿ ಕಾಯುತ್ತದೆ. 205 ಯಾರ ಕೈಯಲ್ಲೂ ಸಿಕ್ಕಿಬೀಳುವುದಿಲ್ಲ. ಆದರೆ ಕೋಡ್‌ನ ಒಂದೇ ಒಂದು ಜಾಗದಲ್ಲಿ ಈ ಕ್ರಮ ತಪ್ಪಿದರೂ ಡೆಡ್‌ಲಾಕ್‌ಗೆ ಮತ್ತೆ ದಾರಿಯಾಗುತ್ತದೆ.

ಕ್ರಮ ಮೊದಲೇ ಗೊತ್ತಿರದ ಕಡೆ `tryLock` ಬಳಸಬಹುದು. ಗೊತ್ತುಪಡಿಸಿದ ಸಮಯದೊಳಗೆ ಎರಡನೇ ಲಾಕ್ ಸಿಗದಿದ್ದರೆ ಮೊದಲನೆಯದನ್ನೂ ಬಿಟ್ಟುಕೊಟ್ಟು, ಸ್ವಲ್ಪ ತಡೆದು ಮತ್ತೆ ಯತ್ನಿಸುವ ವಿಧಾನವಿದು. ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯಂಥ ಡೇಟಾಬೇಸ್ ವ್ಯವಸ್ಥೆ ಇಂಥ ಸುತ್ತನ್ನು ತಾನೇ ಪತ್ತೆಹಚ್ಚಿ, ಒಂದು ವ್ಯವಹಾರವನ್ನು ರದ್ದುಮಾಡಿ ಇನ್ನೊಂದಕ್ಕೆ ದಾರಿ ಬಿಡುತ್ತದೆ. ರದ್ದಾದದ್ದನ್ನು ಮತ್ತೆ ಓಡಿಸುವ ಹೊಣೆ ಮಾತ್ರ ಪ್ರೋಗ್ರಾಂ ಬರೆದವರದೇ.