ಸಂಪ್ ಮೊದಲು, ಮೇಲಿನ ಟ್ಯಾಂಕ್ ಆಮೇಲೆ

‘ಭಾನುವಾರ ಟ್ಯಾಂಕ್ ಕ್ಲೀನಿಂಗ್ ಇದೆ. ಬೆಳಿಗ್ಗೆಯಿಂದ ನೀರು ಬರುವುದಿಲ್ಲ. ದಯವಿಟ್ಟು ಸಹಕರಿಸಿ.’ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟಿನ ಪಕ್ಕ ಅಂಟಿಸುವ ಪ್ರಕಟಣೆ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ನೀರು ಮತ್ತೆ ಯಾವಾಗ ಬರುತ್ತದೆ ಅನ್ನುವುದೇ ಅದರಲ್ಲಿರುವುದಿಲ್ಲ. ಹಾಗಾಗಿ ಹಿಂದಿನ ರಾತ್ರಿ ಎಲ್ಲರ ಮನೆಯಲ್ಲೂ ಬಕೆಟ್, ಡ್ರಮ್ಮು, ಕೊಡ ತುಂಬುತ್ತವೆ. ಕೆಲಸದವರು ಬರುವ ಮೊದಲೇ ಟ್ಯಾಂಕ್ ಬರಿದಾಗಿರುತ್ತದೆ.

ಕೆಲಸದ ಸರದಿಯನ್ನು ಸರಿಯಾಗಿ ಹಾಕಿಕೊಂಡರೆ ಇಡೀ ದಿನ ನೀರು ನಿಲ್ಲಿಸಬೇಕಾದ ಅಗತ್ಯವೇ ಇಲ್ಲ. ಒಂದು ಮಾದರಿ ಲೆಕ್ಕ ನೋಡೋಣ. ಎರಡು ವಿಂಗ್, 48 ಮನೆ. ನೆಲದಡಿಯಲ್ಲಿ 60,000 ಲೀಟರಿನ ಸಂಪ್, ಪ್ರತಿ ವಿಂಗಿನ ತಾರಸಿಯ ಮೇಲೆ 20,000 ಲೀಟರಿನ ಒಂದೊಂದು ಟ್ಯಾಂಕ್. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ಇಡೀ ಕಟ್ಟಡಕ್ಕೆ ದಿನಕ್ಕೆ ಸುಮಾರು 26,000 ಲೀಟರ್ ಬೇಕು. ಮೇಲಿನ ಎರಡೂ ಟ್ಯಾಂಕ್ ತುಂಬಿದ್ದರೆ ಒಂದೂವರೆ ದಿನಕ್ಕೆ ಸಾಕು. ಅಂದರೆ ಮೊದಲು ಸಂಪನ್ನು ತೊಳೆದರೆ ಆ ದಿನ ಯಾರ ಮನೆಯ ನಲ್ಲಿಯೂ ನಿಲ್ಲುವುದಿಲ್ಲ. ಮೇಲಿನ ಟ್ಯಾಂಕನ್ನೇ ಮೊದಲು ತೊಳೆದರೆ ಕೊಳಕು ಸಂಪಿನ ನೀರೇ ಮತ್ತೆ ಅದಕ್ಕೇರುತ್ತದೆ. ಪಟ್ಟ ಶ್ರಮವೆಲ್ಲ ದಂಡ.

ಸಂಪಿನ ನೀರನ್ನು ಮೋರಿಗೆ ಬಿಡಬೇಕಾಗಿಯೂ ಇಲ್ಲ. ಹಿಂದಿನ ದಿನವೇ ಟ್ಯಾಂಕರ್ ತರಿಸುವುದನ್ನು ನಿಲ್ಲಿಸಿ, ಮನೆಗಳ ಬಳಕೆಯಿಂದಲೇ ಮಟ್ಟ ಇಳಿಯಲು ಬಿಡಬೇಕು. ತಳದಲ್ಲಿ ಉಳಿದ ಅರ್ಧ ಅಡಿ ನೀರನ್ನು ಕೆಸರು ಕದಡುವ ಮೊದಲೇ ಎತ್ತಿ ಗಿಡಗಳಿಗೆ ಹಾಕಬಹುದು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ, ನೀರು ಬರುವ ದಿನದ ಹಿಂದಿನ ದಿನವನ್ನೇ ಈ ಕೆಲಸಕ್ಕೆ ಆರಿಸಿಕೊಂಡರೆ ತೊಳೆದ ಸಂಪ್ ಬೇಗ ತುಂಬುತ್ತದೆ.

ಸಂಪಿಗೆ ಇಳಿಯುವ ಕೆಲಸಗಾರನ ಜೀವದ ವಿಷಯದಲ್ಲಿ ಯಾವ ರಾಜಿಯೂ ಸಲ್ಲದು. ಮುಚ್ಚಳಗಳನ್ನು ಗಂಟೆಗಟ್ಟಲೆ ಮೊದಲೇ ತೆರೆದು ಗಾಳಿ ಆಡಿಸಬೇಕು, ಪಂಪಿನ ಕರೆಂಟನ್ನು ಮೇನ್‌ನಲ್ಲೇ ತೆಗೆಯಬೇಕು, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಒಬ್ಬರು ಸದಾ ನಿಂತಿರಬೇಕು. ಪೆಟ್ರೋಲ್ ಪಂಪನ್ನು ಒಳಗಿಳಿಸಲೇಬಾರದು. ಟೈಲ್ಸ್ ಕಲೆಗೆಂದು ಆಸಿಡ್ ಹಾಕಿ, ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಜಾಗದಲ್ಲಿ ಅದು ಉಸಿರು ಕಟ್ಟಿಸಿ ಕೊಲ್ಲಬಲ್ಲದು.

ಮರುದಿನ ‘ಎ’ ವಿಂಗಿನ ಟ್ಯಾಂಕ್. ಮನೆಗಳಿಗೆ ಇಳಿಯುವ ಪೈಪಿನ ವಾಲ್ವನ್ನು ಮೊದಲು ಮುಚ್ಚಬೇಕು. ಇದನ್ನು ಮರೆತರೆ ತೊಳೆದ ಕೆಸರೆಲ್ಲ ನೇರ ಅಡುಗೆಮನೆಗೆ ಹೋಗುತ್ತದೆ. ತಳ ಮತ್ತು ಗೋಡೆ ಉಜ್ಜಿ, ಕೆಸರನ್ನು ತಳದ ವಾಲ್ವಿನಿಂದ ಹೊರಹಾಕಲು ಸುಮಾರು ಎರಡು ಗಂಟೆ. ಆಮೇಲೆ 100 ಲೀಟರ್ ನೀರಿಗೆ 25 ಶೇಕಡಾ ಕ್ಲೋರಿನ್ ಇರುವ 80 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿ ನೀರನ್ನು ಗೋಡೆಗೆ ಬಳಿದು ಅರ್ಧ ಗಂಟೆ ಬಿಡಬೇಕು. ಹಳೆಯ, ತೇವ ಹಿಡಿದ ಪೌಡರಿನಲ್ಲಿ ಸತ್ವವೇ ಉಳಿದಿರುವುದಿಲ್ಲ. ಮತ್ತೆ ತೊಳೆಯಲು ಅರ್ಧ ಗಂಟೆ. ಗಂಟೆಗೆ 10,000 ಲೀಟರ್ ಎತ್ತುವ ಪಂಪಿಗೆ ಟ್ಯಾಂಕ್ ತುಂಬಿಸಲು ಎರಡು ಗಂಟೆ ಬೇಕು. ಆದರೆ ಅರ್ಧ ತುಂಬಿದೊಡನೆ ನೀರು ಬಿಡಬಹುದು. ಒಟ್ಟು ನಾಲ್ಕು ಗಂಟೆ, ಅದೂ ಒಂದೇ ವಿಂಗಿಗೆ. ‘ಬಿ’ ವಿಂಗಿನ ಸರದಿ ಅದರ ಮರುದಿನ.

ಹಾಗಾದರೆ ಪ್ರಕಟಣೆ ಹೀಗಿರಲಿ: ‘ಶನಿವಾರ ಸಂಪ್ ಸ್ವಚ್ಛತೆ, ನೀರು ಎಂದಿನಂತೆ ಬರುತ್ತದೆ, ಮಿತವಾಗಿ ಬಳಸಿ. ಭಾನುವಾರ ಎ ವಿಂಗ್, ಸೋಮವಾರ ಬಿ ವಿಂಗ್: ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ನೀರಿಲ್ಲ, ತಡವಾದರೆ 3 ಗಂಟೆ. ಮನೆಗೆ ಎರಡು ಬಕೆಟ್ ಸಾಕು. ಗೀಸರ್, ವಾಷಿಂಗ್ ಮಷಿನ್ ಆಫ್ ಮಾಡಿ. ಹೊರಗೆ ಹೋಗುವವರು ನಲ್ಲಿಗಳನ್ನು ಮುಚ್ಚಿ ಹೋಗಿ.’

ಕೊನೆಯ ಆ ಸಾಲನ್ನು ಬಿಡಲೇಬಾರದು. ನೀರಿಲ್ಲದಾಗ ತಿರುಗಿಸಿ ನೋಡಿ, ಹಾಗೇ ಬಿಟ್ಟುಹೋದ ನಲ್ಲಿಯಿಂದ ಮಧ್ಯಾಹ್ನ ನೀರು ಹರಿದು ಕೆಳಮನೆಯ ಸೀಲಿಂಗ್ ಹಾಳಾಗುತ್ತದೆ.

ನೀರು ಬಂದಾಗ ಪೈಪಿನೊಳಗಿನ ಗಾಳಿ ಸದ್ದುಮಾಡುತ್ತಾ ಹೊರಬರುತ್ತದೆ, ಮೊದಲ ನೀರು ಕಂದಾಗಿರಬಹುದು. ಅದನ್ನು ಬಾತ್‌ರೂಮಿನ ನಲ್ಲಿಯಲ್ಲಿ ಬಕೆಟ್ಟಿಗೆ ಹಿಡಿದು ನೆಲ ತೊಳೆಯಲು ಬಳಸಿ. ತಿಳಿಯಾದ ಮೇಲೆ ವಾಟರ್ ಫಿಲ್ಟರ್ ಆನ್ ಮಾಡಿ. ಮೂಗಿಗೆ ಹೊಡೆಯುವಷ್ಟು ಕ್ಲೋರಿನ್ ವಾಸನೆ ಬಂದರೆ ಗೋಡೆ ಸರಿಯಾಗಿ ತೊಳೆದಿಲ್ಲ ಎಂದರ್ಥ. ಟ್ಯಾಂಕಿನಿಂದ ಅತಿ ದೂರದ ಮನೆಯ ನಲ್ಲಿ ನೀರಿಗೆ ಕ್ಲೋರಿನ್ ಕಿಟ್ಟಿನ ಹನಿ ಹಾಕಿ, ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ತಿಳಿಯುತ್ತದೆ. ಬೋರ್‌ವೆಲ್ ನೀರಿಗೆ ಕ್ಲೋರಿನ್ ಹಾಕದಿದ್ದರೆ ಈ ಪರೀಕ್ಷೆಯಲ್ಲಿ ಏನೂ ಕಾಣಿಸದು. ಅಲ್ಲಿ ಲ್ಯಾಬಿನ ಬ್ಯಾಕ್ಟೀರಿಯಾ ಪರೀಕ್ಷೆಯೇ ಬೇಕು.