ನಾಲ್ಕು ಲಕ್ಷ ಜನರನ್ನು ತಲುಪಿತು, ಮಾತು ಎಷ್ಟು ಜನಕ್ಕೆ ಮುಟ್ಟಿತು?

ಜಾಗೃತಿ ಪ್ರಚಾರವೊಂದು ಮುಗಿದ ಮೇಲೆ ಸೇವಾ ಸಂಸ್ಥೆಯ ವಿಡಿಯೊ ತಂಡ ದಾನಿಗಳಿಗೆ ಇಮೇಲ್ ಕಳಿಸುತ್ತದೆ. ಅದರಲ್ಲಿ ಎರಡು ಅಂಕಿಗಳು ಇದ್ದೇ ಇರುತ್ತವೆ. ಒಂದು ರೀಚ್, ಅಂದರೆ ಚಿತ್ರ ಎಷ್ಟು ಮಂದಿಯ ಕಣ್ಣಿಗೆ ಬಿತ್ತು ಎಂಬ ಲೆಕ್ಕ. ಇನ್ನೊಂದು ಕಂಪ್ಲೀಷನ್, ಅಂದರೆ ಕೊನೆಯವರೆಗೆ ಎಷ್ಟು ಸಲ ಓಡಿತು ಎಂಬ ಲೆಕ್ಕ. ಎರಡೂ ಸುಳ್ಳಲ್ಲ. ಆದರೆ ಅವು ಉತ್ತರಿಸುವ ಪ್ರಶ್ನೆ ಬಹಳ ಚಿಕ್ಕದು. ಆ ಗಡಿ ಎಲ್ಲಿದೆ ಎಂದು ಹೇಳದ ಇಮೇಲ್ ದಾನಿಯನ್ನು ದಾರಿ ತಪ್ಪಿಸುತ್ತದೆ.

ಹಾವು ಕಡಿತದ ಪ್ರಚಾರವನ್ನೇ ತೆಗೆದುಕೊಳ್ಳೋಣ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸಾಯುತ್ತಾರೆ. ಇವುಗಳಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ಆಗುತ್ತವೆ. ಜನರಿಗೆ ಮುಟ್ಟಿಸಬೇಕಾದ ಮಾತು ಸರಳವಾದದ್ದು: ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ವಿಷ ಹೀರಬೇಡಿ, ಕಡಿದ ಕೈಕಾಲು ಅಲುಗದಂತೆ ನೋಡಿಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಿರಿ.

ಮುಂದಿನ ಅಂಕಿಗಳನ್ನು ವಿವರಣೆಗೆಂದೇ ಕಟ್ಟಿಕೊಂಡಿದ್ದೇನೆ. ಒಂದು ತಂಡ 90 ಸೆಕೆಂಡಿನ ಕನ್ನಡ ಚಿತ್ರ ಮಾಡಿ, 1,20,000 ರೂಪಾಯಿ ಜಾಹೀರಾತಿಗೆ ಹಾಕಿ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ ಬಿಟ್ಟಿತು ಎನ್ನೋಣ. ಚಿತ್ರ ಪರದೆಯ ಮೇಲೆ 12 ಲಕ್ಷ ಸಲ ಕಾಣಿಸಿಕೊಂಡಿತು. ಇದಕ್ಕೆ ಇಂಪ್ರೆಷನ್ ಎನ್ನುತ್ತಾರೆ. ಕಂಡ ಖಾತೆಗಳು 4 ಲಕ್ಷ, ಇದು ರೀಚ್. ಅಂದರೆ ಒಬ್ಬೊಬ್ಬರಿಗೆ ಸರಾಸರಿ ಮೂರು ಸಲ ಕಂಡಿತು. 3 ಸೆಕೆಂಡಾದರೂ ಓಡಿದ್ದು 2,40,000 ಸಲ, 15 ಸೆಕೆಂಡು ದಾಟಿದ್ದು 60,000 ಸಲ, ಪೂರ್ತಿ ಓಡಿದ್ದು 12,000 ಸಲ.

ಈಗ ಇಮೇಲ್ ಬರೆಯುವವರ ಮುಂದೆ ಮೂರು ದಾರಿ ಇವೆ. 12,000ವನ್ನು 12 ಲಕ್ಷದಿಂದ ಭಾಗಿಸಿದರೆ ಕಂಪ್ಲೀಷನ್ ಶೇ 1. ಮೂರು ಸೆಕೆಂಡು ದಾಟಿದವುಗಳಿಂದ ಭಾಗಿಸಿದರೆ ಶೇ 5. ಹದಿನೈದು ಸೆಕೆಂಡು ದಾಟಿದವುಗಳಿಂದ ಭಾಗಿಸಿದರೆ ಶೇ 20. ಚಿತ್ರ ಅದೇ, ನೋಡಿದವರೂ ಅವರೇ. ಯಾವುದರಿಂದ ಭಾಗಿಸಿದ್ದೇವೆ ಎಂದು ಬರೆಯದೆ 'ಶೇ 20ರಷ್ಟು ವೀಕ್ಷಕರು ಪೂರ್ತಿ ನೋಡಿದರು' ಎಂದರೆ ದಾನಿ ಅದನ್ನು ನಾಲ್ಕು ಲಕ್ಷಕ್ಕೆ ಗುಣಿಸಿ 80,000 ಎಂದುಕೊಳ್ಳುತ್ತಾರೆ. ಪೂರ್ತಿ ಓಡಿದ್ದು ಮಾತ್ರ 12,000 ಸಲ.

ಭಾಗಿಸುವ ಅಂಕಿಯನ್ನು ತಪ್ಪಾಗಿ ಆರಿಸಿದರೆ ಏನಾಗುತ್ತದೆ ಎಂಬುದನ್ನು ಫೇಸ್‌ಬುಕ್ಕೇ ಕಂಡಿದೆ. ಜನ ವಿಡಿಯೊ ನೋಡುವ ಸರಾಸರಿ ಸಮಯವನ್ನು ಲೆಕ್ಕ ಹಾಕುವಾಗ ಅದು 3 ಸೆಕೆಂಡಿಗಿಂತ ಕಡಿಮೆ ಓಡಿದವುಗಳನ್ನು ಭಾಜಕದಿಂದ ಬಿಟ್ಟಿತ್ತು. ಸರಾಸರಿ ಶೇ 60ರಿಂದ 80ರಷ್ಟು ಉಬ್ಬಿರಬಹುದೆಂದು 2016ರಲ್ಲಿ ಹೊರಬಿತ್ತು. ಜಾಹೀರಾತುದಾರರು ಮೊಕದ್ದಮೆ ಹೂಡಿದರು. 2019ರಲ್ಲಿ ಕಂಪನಿ 4 ಕೋಟಿ ಡಾಲರಿಗೆ ರಾಜಿಗೆ ಒಪ್ಪಿತು.

ಇನ್ನು, ಪೂರ್ತಿ ಓಡಿತು ಎಂದರೆ ಪೂರ್ತಿ ನೋಡಿದರು ಎಂದಲ್ಲ. ಫೇಸ್‌ಬುಕ್‌ನ ಲೆಕ್ಕದಲ್ಲಿ ಮಧ್ಯದ ಭಾಗ ಹಾರಿಸಿ ಕೊನೆಗೆ ಬಂದವರೂ ಪೂರ್ತಿಯ ಸಾಲಿಗೇ ಸೇರುತ್ತಾರೆ. ಧ್ವನಿ ಬಂದ್ ಮಾಡಿಕೊಂಡವರೂ ಸೇರುತ್ತಾರೆ. ಪರದೆಯ ಮೇಲೆ ಅಕ್ಷರಗಳಿಲ್ಲದಿದ್ದರೆ ಅವರಿಗೆ ಸಿಕ್ಕಿದ್ದು ಬರೀ ಚಿತ್ರ. ಯೂಟ್ಯೂಬ್‌ನಲ್ಲಿ ದಾಟಿಸಲು ಅವಕಾಶವಿಲ್ಲದ 15 ಸೆಕೆಂಡಿನ ಜಾಹೀರಾತು ಬಿಟ್ಟರೆ ಕಂಪ್ಲೀಷನ್ ಶೇ 100ರ ಹತ್ತಿರ ಬರುವುದು ಸಹಜ, ನೋಡುವವರಿಗೆ ಬೇರೆ ದಾರಿಯೇ ಇಲ್ಲವಲ್ಲ. ಅದನ್ನು 90 ಸೆಕೆಂಡಿನ ಚಿತ್ರದ ಜೊತೆ ಹೋಲಿಸಿ 'ಈ ವರ್ಷ ಪ್ರಗತಿಯಾಗಿದೆ' ಎಂದು ಬರೆದರೆ ಅದು ತಪ್ಪು.

ನನ್ನ ಮಟ್ಟಿಗೆ ಇಮೇಲಿನಲ್ಲಿ ಇರಲೇಬೇಕಾದ ಅಂಕಿ ಬೇರೆಯೇ. ನಮ್ಮ ಚಿತ್ರದ ಮೊದಲ 20 ಸೆಕೆಂಡು ಗದ್ದೆ, ಮೋಡ, ಸಂಸ್ಥೆಯ ಲಾಂಛನ. ಆಮೇಲೆ ಒಬ್ಬ ರೈತನ ಕಥೆ. 'ಕಟ್ಟಬೇಡಿ, ಕೊಯ್ಯಬೇಡಿ' ಎಂಬ ಮಾತು ಬರುವುದು 65ನೇ ಸೆಕೆಂಡಿಗೆ. ವಿಡಿಯೊ ಕಾಲು, ಅರ್ಧ, ಮುಕ್ಕಾಲು ಭಾಗ ಎಷ್ಟು ಸಲ ಓಡಿತು ಎಂಬುದನ್ನು ಜಾಹೀರಾತಿನ ವರದಿ ತೋರಿಸುತ್ತದೆ. ಮುಕ್ಕಾಲು ಭಾಗ, ಅಂದರೆ ಸುಮಾರು 67 ಸೆಕೆಂಡು, ಓಡಿದ್ದು 18,000 ಸಲ ಎನ್ನೋಣ. ಹಾಗಾದರೆ ಜೀವ ಉಳಿಸುವ ಆ ಮಾತು ತೆರೆದುಕೊಂಡದ್ದು ಹೆಚ್ಚುಕಡಿಮೆ 18,000 ಸಲ ಮಾತ್ರ. ಅದೇ ಮಾತು ಎಂಟನೇ ಸೆಕೆಂಡಿಗೆ ಬಂದಿದ್ದರೆ, ನೋಡುವವರು ಹೀಗೆಯೇ ಉಳಿದಿದ್ದರೂ, ಕನಿಷ್ಠ 60,000 ಸಲ ಕೇಳಿಸುತ್ತಿತ್ತು. ಖರ್ಚನ್ನೂ ಹೀಗೇ ಹೇಳಬೇಕು. ಒಂದು ಖಾತೆಯ ಕಣ್ಣಿಗೆ ಬೀಳಲು 30 ಪೈಸೆ ತಗಲಿತು, ಮುಖ್ಯ ಮಾತು ಒಂದು ಸಲ ಮುಟ್ಟಲು ಸುಮಾರು 6 ರೂಪಾಯಿ 70 ಪೈಸೆ ತಗಲಿತು. ಮುಂದಿನ ಚಿತ್ರವನ್ನು ಹೇಗೆ ಕತ್ತರಿಸಬೇಕು ಎಂದು ಕಲಿಸುವುದು ಈ ಎರಡನೆಯ ಅಂಕಿ.

ರೀಚ್ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಅದು ಖಾತೆಗಳ ಅಂದಾಜು, ತಲೆ ಎಣಿಕೆಯಲ್ಲ. ಮನೆಗೆಲ್ಲ ಒಂದೇ ಫೋನ್ ಇದ್ದರೆ ನಾಲ್ವರು ನೋಡಿದರೂ ಒಂದು ಎಂದೇ ಲೆಕ್ಕ. ವಾರವಾರದ ರೀಚ್ ಕೂಡಿಸಿದರೆ, ಅಥವಾ ಯೂಟ್ಯೂಬ್‌ನದನ್ನು ಫೇಸ್‌ಬುಕ್‌ನದಕ್ಕೆ ಸೇರಿಸಿದರೆ, ಒಬ್ಬರನ್ನೇ ಹಲವು ಸಲ ಎಣಿಸಿದಂತಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಯಾರನ್ನು ತಲುಪಿತು ಎಂಬುದು. 15 ಸೆಕೆಂಡು ನೋಡುವವರನ್ನು ಹುಡುಕಿಕೊಡು ಎಂದು ಜಾಹೀರಾತಿಗೆ ಹೇಳಿದರೆ ವ್ಯವಸ್ಥೆ ಹಾಗೆ ನೋಡುವವರನ್ನೇ ಹುಡುಕುತ್ತದೆ. ಅವರು ಬೆಂಗಳೂರಿನ ಕಾಲೇಜು ಹುಡುಗರಾಗಿರಬಹುದು, ಮುಂಜಾನೆ ಗದ್ದೆಗೆ ನೀರು ಬಿಡಲು ಹೋಗುವ ರೈತರಲ್ಲ. ಪ್ರದೇಶ, ವಯಸ್ಸು, ಹೆಣ್ಣು-ಗಂಡು ಎಂಬ ವಿಂಗಡಣೆ ವರದಿಯಲ್ಲೇ ಸಿಗುತ್ತದೆ. ಅದನ್ನು ಇಮೇಲಿಗೆ ಸೇರಿಸಬೇಕು.

ಪ್ರಚಾರದಿಂದ ಜೀವ ಉಳಿಯಿತೇ ಎಂಬ ಪ್ರಶ್ನೆಗೆ ಇವುಗಳಲ್ಲಿ ಯಾವ ಅಂಕಿಯೂ ಉತ್ತರಿಸದು. ಅದಕ್ಕೆ ಹಳ್ಳಿಗೇ ಹೋಗಬೇಕು. ಜಾಹೀರಾತು ಬಿಟ್ಟ ತಾಲ್ಲೂಕಿನಲ್ಲಿ ಮತ್ತು ಅಂಥದೇ ಇನ್ನೊಂದು ತಾಲ್ಲೂಕಿನಲ್ಲಿ, ಪ್ರಚಾರಕ್ಕೆ ಮೊದಲೂ ಆಮೇಲೂ, 'ಹಾವು ಕಚ್ಚಿದರೆ ಮೊದಲು ಏನು ಮಾಡ್ತೀರಿ?' ಎಂದು ಕೇಳಿ, ಉತ್ತರಗಳಲ್ಲಿ ಆದ ವ್ಯತ್ಯಾಸವನ್ನು ಹೋಲಿಸಬೇಕು. ಆಸ್ಪತ್ರೆ ಒಪ್ಪಿದರೆ, ಕಡಿದ ಎಷ್ಟು ಹೊತ್ತಿಗೆ ರೋಗಿ ಬಂದರು ಎಂಬ ದಾಖಲೆಯನ್ನೂ ನೋಡಬಹುದು. ಆದರೆ ಪ್ರಕರಣಗಳ ಸಂಖ್ಯೆಯನ್ನು ಮಾತ್ರ ನೆಚ್ಚಿಕೊಳ್ಳಬಾರದು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದೆ. ಅದರ ನಂತರ ಏರಿದ ಸಂಖ್ಯೆ ಹೆಚ್ಚು ಪ್ರಕರಣ ದಾಖಲಾದ್ದರ ಗುರುತೂ ಆಗಿರಬಹುದು. ಅದನ್ನು ಪ್ರಚಾರದ ಸೋಲು ಎನ್ನುವುದೂ ತಪ್ಪು, ಜನ ಆಸ್ಪತ್ರೆಗೆ ಬರತೊಡಗಿದರು ಎಂದು ಗೆಲುವಾಗಿ ತೋರಿಸುವುದೂ ತಪ್ಪು.

ಹೀಗಾಗಿ ಒಳ್ಳೆಯ ಇಮೇಲಿನ ನಡುಭಾಗ ಹೀಗಿರಬಹುದು: 'ಮಾನ್ಯರೇ, ನಿಮ್ಮ ನೆರವಿನ ಚಿತ್ರ ಸುಮಾರು 4 ಲಕ್ಷ ಖಾತೆಗಳಲ್ಲಿ ಕಾಣಿಸಿಕೊಂಡಿದೆ. ಮುಖ್ಯ ಸಂದೇಶದವರೆಗೆ ಓಡಿದ್ದು ಸುಮಾರು 18,000 ಸಲ. ಇವು ಓಡಿದ ಸಲಗಳು, ಜನರ ಸಂಖ್ಯೆಯಲ್ಲ. ಸಂದೇಶವನ್ನು ತೀರ ತಡವಾಗಿ ಇಟ್ಟದ್ದು ಇದಕ್ಕೆ ಕಾರಣವೆಂದು ನಮಗೆ ಅನಿಸುತ್ತದೆ. ಮುಂದಿನ ಮುಂಗಾರಿಗೆ ಮೊದಲ ಹತ್ತು ಸೆಕೆಂಡಿನಲ್ಲೇ ಸಂದೇಶವಿರುವ, ಪರದೆಯ ಮೇಲೆ ಕನ್ನಡ ಅಕ್ಷರಗಳಿರುವ ಚಿತ್ರ ಮಾಡುತ್ತೇವೆ. ಜನರ ನಡವಳಿಕೆ ಬದಲಾಗಿದೆಯೇ ಎಂದು ತಿಳಿಯಲು ಎರಡು ತಾಲ್ಲೂಕುಗಳ ಸಮೀಕ್ಷೆ ಬೇಕು; ಅದಕ್ಕೆ ಪ್ರತ್ಯೇಕ ಹಣ ಕೇಳುತ್ತಿದ್ದೇವೆ.'

ಇಂಥ ಇಮೇಲ್ ಓದುವ ದಾನಿಗಳಲ್ಲಿ ಒಂದು ಮನವಿ. ಚಿಕ್ಕ ಸಂಖ್ಯೆಯನ್ನು ಬಚ್ಚಿಡದೆ ಬರೆದ ತಂಡಕ್ಕೆ ಮುಂದಿನ ವರ್ಷದ ನೆರವನ್ನು ಕಡಿತ ಮಾಡಬೇಡಿ. ದೊಡ್ಡ ಸಂಖ್ಯೆಯನ್ನಷ್ಟೇ ಕಳಿಸಿದ ತಂಡಕ್ಕೆ ಮರುಪತ್ರ ಬರೆದು, ಮುಖ್ಯ ಮಾತು ಎಷ್ಟನೇ ಸೆಕೆಂಡಿಗೆ ಬರುತ್ತದೆ, ಅಲ್ಲಿಯವರೆಗೆ ಎಷ್ಟು ಮಂದಿ ಉಳಿದಿದ್ದರು ಎಂದು ಕೇಳಿ.