ತಾರಸಿಯ ಫೋಟೊದಲ್ಲಿ ಕಾಣದ ನೆರಳು

ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ನಡುಮಧ್ಯಾಹ್ನ ತೆಗೆದ ತಾರಸಿಯ ಫೋಟೊ ನೋಡಿ ಸೋಲಾರ್ ವಾಟರ್ ಹೀಟರಿಗೆ ಜಾಗ ಗೊತ್ತುಮಾಡಬೇಡಿ. ಆಗ ಸೂರ್ಯ ನೆತ್ತಿಯ ಮೇಲಿರುವುದರಿಂದ ಗೋಡೆಗಳಿಗೆ ನೆರಳೇ ಇರುವುದಿಲ್ಲ. ಬಿಸಿನೀರು ಹೆಚ್ಚು ಬೇಕಾಗುವ ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನೆರಳು ಉತ್ತರಕ್ಕೆ ಚಾಚುತ್ತದೆ.

ಆದ್ದರಿಂದ ಫೋಟೊದ ಜೊತೆಗೆ ಮೂರು ಸಂಗತಿ ಕೇಳಿ: ದಕ್ಷಿಣ ಯಾವ ಕಡೆ, ತೆಗೆದ ದಿನ ಮತ್ತು ಗಂಟೆ ಯಾವುದು, ಅಡ್ಡ ಬರುವ ಗೋಡೆಯ ಎತ್ತರ ಎಷ್ಟು. ದಕ್ಷಿಣದಲ್ಲಿ 8 ಅಡಿಯ ಮೆಟ್ಟಿಲ ಕೋಣೆ ಇದೆ ಎನ್ನಿ. ಡಿಸೆಂಬರ್ 21ರ ಮಧ್ಯಾಹ್ನ ಅದರ ನೆರಳು ಉತ್ತರಕ್ಕೆ ಸುಮಾರು 6 ಅಡಿ ಬೀಳುತ್ತದೆ. ಬೆಳಗಿನ ಒಂಬತ್ತೂಕಾಲಿಗೆ 8 ಅಡಿ ಮುಟ್ಟುತ್ತದೆ. ಅದೇ ಕೋಣೆ ಪೂರ್ವಕ್ಕಿದ್ದರೆ ಒಂಬತ್ತೂಕಾಲರ ನೆರಳು ಪಶ್ಚಿಮಕ್ಕೆ ಹತ್ತು ಅಡಿಯ ಹತ್ತಿರ ಹೋಗುತ್ತದೆ. ದಕ್ಷಿಣದ ಅಡ್ಡಿಗೆ ಅದರ ಎತ್ತರದಷ್ಟು, ಪೂರ್ವ-ಪಶ್ಚಿಮದ ಅಡ್ಡಿಗೆ ಎತ್ತರದ ಒಂದೂಕಾಲು ಪಟ್ಟು ದೂರ ಬಿಟ್ಟರೆ ಒಂಬತ್ತೂಕಾಲರಿಂದ ಮೂರರವರೆಗಿನ ಬಿಸಿಲು ಸಿಗುತ್ತದೆ. ಉತ್ತರದ ಗೋಡೆಯಿಂದ ಚಳಿಗಾಲದಲ್ಲಿ ತೊಂದರೆಯಿಲ್ಲ.

ಮರದ ಲೆಕ್ಕ ಇಷ್ಟು ಸುಲಭವಲ್ಲ. ತಾರಸಿಯ ಮಟ್ಟದಿಂದ ಮೇಲಿರುವ ಭಾಗವನ್ನಷ್ಟೇ ಎಣಿಸಬೇಕು, ಆದರೆ ಅದು ಬೆಳೆಯುತ್ತಲೇ ಇರುತ್ತದೆ. ಎಲೆ ಉದುರಿದಾಗ ತೆಗೆದ ಫೋಟೊವಂತೂ ನಂಬಲರ್ಹವಲ್ಲ. ದಕ್ಷಿಣದಲ್ಲಿ ಎಳೆಯ ಮಾವಿದ್ದರೆ ನಾನು ಬೇರೆ ಮೂಲೆಯನ್ನೇ ಹುಡುಕುತ್ತೇನೆ.